ಕೊನೆಯ ಸ್ವರಕ್ಕೆ ಕಿವಿಗೊಡೋಣ



ಈ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ತಂದಳು. ಇಲ್ಲಿನ ಜರ್ಮನ್ ಶಾಲೆಯಲ್ಲಿ ಅವಳ ಪಕ್ಕ ಕೂರುವ ಗೆಳತಿಯ ಮನೆಮಾತು ಟರ್ಕಿಷ್. “ಮಿಸ್, ನಮ್ಮಲ್ಲಿ ‘ಗಳು’ ಒಂದೇ ಥರ. ಅವರಲ್ಲಿ ಅದಕ್ಕೆ ಎರಡು ರೂಪ ಇದೆಯಂತೆ, ಯಾಕೆ?” ಎಂದಳು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ಟರ್ಕಿಷ್‌ನಲ್ಲಿ ಮನೆಗೆ ‘ಎವ್’, ಮನೆಗಳು ಎನ್ನಲು ‘ಎವ್ಲೆರ್’. ಶಾಲೆ ‘ಒಕುಲ್’, ಶಾಲೆಗಳು ‘ಒಕುಲ್ಲರ್’. ಒಂದು ಕಡೆ ‘ಲೆರ್’, ಇನ್ನೊಂದು ಕಡೆ ‘ಲರ್’. ಕಾರಣ ನಮ್ಮ ಬಾಯಿಯಲ್ಲೇ ಇದೆ. ‘ಇ’, ‘ಎ’ ಎಂದು ನೋಡಿ, ನಾಲಿಗೆ ಮುಂದಕ್ಕೆ ಬರುತ್ತದೆ. ‘ಉ’, ‘ಒ’ ಎನ್ನಿ, ಹಿಂದಕ್ಕೆ ಸರಿಯುತ್ತದೆ. ಟರ್ಕಿಷ್‌ನ ಎಂಟು ಸ್ವರಗಳಲ್ಲಿ ನಾಲ್ಕು ಮುಂದಿನವು, ನಾಲ್ಕು ಹಿಂದಿನವು. ಅವರ ‘ಅ’ ಹಿಂದಿನ ಗುಂಪಿಗೆ ಸೇರಿದ್ದು. ಪದದ ಕೊನೆಯ ಸ್ವರ ಮುಂದಿನದಾದರೆ ಪ್ರತ್ಯಯ ‘ಲೆರ್’, ಹಿಂದಿನದಾದರೆ ‘ಲರ್’. ಇದನ್ನೇ ಸ್ವರಸಾಮರಸ್ಯ ಎನ್ನುತ್ತಾರೆ.

ಪ್ರತ್ಯಯದ ಮೇಲೆ ಪ್ರತ್ಯಯ ಬಂದರೂ ಇದು ಹರಿಯುತ್ತ ಹೋಗುತ್ತದೆ. ‘ಮನೆಗಳಿಂದ’ ಎನ್ನಲು ‘ಎವ್ಲೆರ್ದೆನ್’, ‘ಶಾಲೆಗಳಿಂದ’ ಎನ್ನಲು ‘ಒಕುಲ್ಲರ್ದನ್’. ನಮ್ಮ ‘ಇಂದ’ದ ಕೆಲಸ ಮಾಡುವ ಪ್ರತ್ಯಯವೂ ತನ್ನ ಹಿಂದಿರುವ ಸ್ವರವನ್ನು ನೋಡಿಕೊಂಡು ‘ದೆನ್’ ಅಥವಾ ‘ದನ್’ ಆಗುತ್ತದೆ.

ಹಾಗಾದರೆ ಆ ಮಕ್ಕಳು ಪ್ರತಿ ಪದದ ಬಹುವಚನವನ್ನೂ ಬಾಯಿಪಾಠ ಮಾಡುತ್ತಾರೆಯೇ? ಇಲ್ಲ ಎನ್ನುವುದಕ್ಕೆ ಹೊರಗಿನಿಂದ ಬಂದ ಪದಗಳೇ ಸಾಕ್ಷಿ. ಟ್ಯಾಕ್ಸಿ ಅವರಲ್ಲಿ ‘ತಕ್ಸಿ’. ಅದರಲ್ಲಿ ‘ಅ’ ಇದ್ದರೂ ಕೊನೆಯದು ‘ಇ’, ಆದ್ದರಿಂದ ‘ತಕ್ಸಿಲೆರ್’. ಟೆಲಿಫೋನ್ ‘ತೆಲೆಫೊನ್’. ಎರಡು ‘ಎ’ ಇದ್ದರೂ ಕೊನೆಯದು ‘ಒ’, ಆದ್ದರಿಂದ ‘ತೆಲೆಫೊನ್ಲರ್’. ಪದ ಎಲ್ಲಿಂದಲೇ ಬರಲಿ, ಕಿವಿ ಕೊನೆಯ ಸ್ವರವನ್ನು ಹಿಡಿಯುತ್ತದೆ.

ಅಪವಾದಗಳೂ ಇವೆ. ಅರಬ್ಬಿಯಿಂದ ಬಂದ ‘ಸಅತ್’, ಅಂದರೆ ಗಂಟೆ ಅಥವಾ ಗಡಿಯಾರ, ‘ಲರ್’ ಬಿಟ್ಟು ‘ಸಅತ್ಲೆರ್’ ಆಗುತ್ತದೆ. ಇಂಥ ಪದಗಳನ್ನು ಮಾತ್ರ ನೆನಪಿಡಬೇಕು. ಇನ್ನು, ‘ಬರುತ್ತಿದ್ದೇನೆ’ ಎನ್ನಲು ‘ಗೆಲಿಯೊರುಮ್’. ಇದರಲ್ಲಿ ‘ಯೊರ್’ ಯಾರಿಗೂ ಬಗ್ಗುವುದಿಲ್ಲ, ಏಕೆಂದರೆ ಹಿಂದೆ ಅದು ‘ನಡೆ’ ಎಂಬ ಅರ್ಥದ ಬೇರೆಯೇ ಕ್ರಿಯಾಪದವಾಗಿತ್ತು. ಆದರೆ ಅದರ ನಂತರದ ‘ಉಮ್’ ನೋಡಿ: ದೂರದ ‘ಎ’, ‘ಇ’ಗಳನ್ನು ಬಿಟ್ಟು ಪಕ್ಕದ ‘ಒ’ವನ್ನು ಅನುಸರಿಸಿದೆ.

ಇಷ್ಟು ದೂರ ಹೋಗಬೇಕಿಲ್ಲ, ನಮ್ಮ ನೆರೆಯ ತೆಲುಗಿನಲ್ಲೂ ಇದರ ಸುಳಿವಿದೆ. ಬೆಕ್ಕಿಗೆ ಎನ್ನಲು ‘ಪಿಲ್ಲಿಕಿ’, ಹಸುವಿಗೆ ಎನ್ನಲು ‘ಆವುಕು’ ಎಂದು ಬರೆಯುತ್ತಾರೆ. ‘ಇ’ಯ ಪಕ್ಕ ‘ಕಿ’, ‘ಉ’ವಿನ ಪಕ್ಕ ‘ಕು’.

ಕನ್ನಡದಲ್ಲಿ ಪ್ರತ್ಯಯದ ಸ್ವರ ಹೀಗೆ ಬದಲಾಗುವುದಿಲ್ಲ. ಮನೆಗಳು, ಹಸುಗಳು, ಮರಗಳು: ‘ಗಳು’ ಹಾಗೆಯೇ ಉಳಿಯಿತು. ಆದರೆ ‘ಅನ್ನು’ ಸೇರಿಸಿ ನೋಡಿ: ಮನೆಯನ್ನು, ಹುಡುಗಿಯನ್ನು, ಹಸುವನ್ನು, ಗುರುವನ್ನು. ‘ಇ’, ‘ಎ’ ಮುಂದೆ ಯಕಾರ ಬಂತು, ‘ಉ’ ಮುಂದೆ ವಕಾರ. ಇದು ಸ್ವರಸಾಮರಸ್ಯವಲ್ಲ, ಆಗಮಸಂಧಿ. ಪ್ರತ್ಯಯ ಬದಲಾಗದೆ ನಡುವೆ ಒಂದು ಸೇತುವೆ ಬಂದಿದೆ. ಆದರೂ ಯಾವ ಸೇತುವೆ ಎಂದು ತೀರ್ಮಾನಿಸುವುದು ಪದದ ಕೊನೆಯ ಸ್ವರವೇ. ‘ಇ’ ಹೇಳಿದ ನಾಲಿಗೆಗೆ ‘ಯ’ ಹತ್ತಿರ, ‘ಉ’ ಹೇಳಿದ ತುಟಿಗೆ ‘ವ’ ಹತ್ತಿರ.

ನಮ್ಮ ಮಕ್ಕಳು ‘ಹಸುಯನ್ನು’ ಎಂದು ಬರೆದಾಗ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಆಮೇಲೆ ಹೊಳೆಯಿತು: ನಾವು ಮನೆಯಲ್ಲಿ ‘ಮನೇನ’, ‘ಹಸೂನ’ ಎನ್ನುತ್ತೇವೆ. ಆ ಯಕಾರ, ವಕಾರ ಮಗುವಿನ ಕಿವಿಗೆ ಬಿದ್ದೇ ಇಲ್ಲ! ಕೇಳದ್ದನ್ನು ಅದು ಊಹಿಸಿ ಬರೆದಿದೆ. ಈಗ ನಾನು ಗೆರೆ ಎಳೆಯುವ ಮೊದಲು, “ಹಸು... ಕೊನೆಯಲ್ಲಿ ತುಟಿ ಹೇಗಿದೆ, ಪುಟ್ಟಾ?” ಎಂದು ಕೇಳುತ್ತೇನೆ. ತುಟಿ ದುಂಡಗಾಗಿದೆ ಎಂದು ಗೊತ್ತಾದ ಮೇಲೆ ‘ಹಸುವನ್ನು’ ಎಂದು ಅವರೇ ತಿದ್ದಿಕೊಳ್ಳುತ್ತಾರೆ. ‘ಮರವನ್ನು’, ‘ಹುಡುಗನನ್ನು’ ಎಂಬಂಥವು ಈ ಉಪಾಯಕ್ಕೆ ಸಿಗುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಸಬೇಕು.

ಪೋಷಕರಲ್ಲಿ ಒಂದೇ ಕೋರಿಕೆ. ರಾತ್ರಿ ಮಲಗುವ ಮುನ್ನ ಒಂದು ಪುಟ ಕನ್ನಡ ಕಥೆಯನ್ನು ಪುಸ್ತಕದಲ್ಲಿರುವಂತೆಯೇ ಗಟ್ಟಿಯಾಗಿ ಓದಿ ಹೇಳಿ. ‘ಮನೆಯನ್ನು’, ‘ಹಸುವನ್ನು’ ಎಂಬ ರೂಪಗಳು ಅವರ ಕಿವಿಗೆ ಬೀಳಲು ಇಲ್ಲಿ ಬೇರೆ ದಾರಿ ಕಡಿಮೆ.