ಯಾರೂ ಸಾಯದ ಮನೆಯಲ್ಲಿ ಕಥೆ ಎಲ್ಲಿರುತ್ತೆ?

ಕಥೆ ಬರೆಯೋ ಹವ್ಯಾಸ ಇರುವ ನಮ್ಮಂಥ ಆಫೀಸಿನವರ ಬಗ್ಗೆ ಇವತ್ತು ಮಾತಾಡ್ತೀನಿ. ನಾವು ಬರೆಯೋದು ಹೆಚ್ಚಾಗಿ ಮನೆ ಕಥೆಗಳನ್ನೇ. ಊರಲ್ಲಿರೋ ಅಪ್ಪ, ಫ್ಲ್ಯಾಟಿಗೆ ಬಂದ ಅಮ್ಮ, ಗಂಡ-ಹೆಂಡತಿ ಮಧ್ಯದ ಒಂದು ಮೌನ. ಓದಿದವರು "ಚೆನ್ನಾಗಿದೆ, ಆದರೆ ಏನೂ ಆಗಲ್ವಲ್ಲ" ಅಂತಾರೆ. ಆಗ ನಾವು ಏನು ಮಾಡ್ತೀವಿ? ಯಾರಿಗಾದರೂ ಹಾರ್ಟ್ ಅಟ್ಯಾಕ್ ಮಾಡಿಸ್ತೀವಿ.

ಯಾರ ಜೀವಕ್ಕೂ ಅಪಾಯ ತರದೆ, ಓದುಗನಿಗೆ ಎದೆ ಹೊಡೆದುಕೊಳ್ಳೋ ಹಾಗೆ ಮಾಡೋದು ಹೇಗೆ? ಒಂದು ಕಥೆಯನ್ನ ಇಲ್ಲೇ, ನಿಮ್ಮ ಮುಂದೆಯೇ ಕಟ್ಟಿ ನೋಡೋಣ.

ಶಾಂತವ್ವ, ಅರವತ್ತನಾಲ್ಕು ವರ್ಷ, ಗದಗಿನವರು. ಮೊಮ್ಮಗ ಮೂರು ತಿಂಗಳ ಕೂಸಾಗಿದ್ದಾಗ ಪುಣೆಯ ವಾಕಡ್‌ಗೆ ಬಂದವರು. ಈಗ ಹುಡುಗನಿಗೆ ಎರಡೂವರೆ ವರ್ಷ. ಮಗ ಬಸವರಾಜ, ಸೊಸೆ ದೀಪಾ, ಇಬ್ಬರಿಗೂ ಹಿಂಜವಡಿಯಲ್ಲಿ ಕೆಲಸ. ಮಂಗಳವಾರ ಒಂದು ಡೇಕೇರ್‌ನಿಂದ ಫೋನ್ ಬರುತ್ತೆ, ಸೀಟು ಖಾಲಿಯಾಗಿದೆ, ಶನಿವಾರದೊಳಗೆ ದುಡ್ಡು ಕಟ್ಟಿ ಅಂತ. ದೀಪಾ ಅತ್ತೆಗೆ ಹೇಳ್ತಾಳೆ. ಅತ್ತೆ "ಛಲೋ ಆತಲ್ಲ" ಅಂತಾರೆ. ಆಮೇಲೆ ಬಾಲ್ಕನಿಯಲ್ಲಿ ನಿಂತು ಆಕಾಶ ನೋಡಿ ಕಣ್ಣೀರು ಒರೆಸಿಕೊಳ್ತಾರೆ.

ಇದು ಮೊದಲ ಡ್ರಾಫ್ಟ್. ತಪ್ಪೇನೂ ಇಲ್ಲ, ಆದರೆ ತೂಕ ಇಲ್ಲ. ಇಲ್ಲಿ ಬರೆಯೋನ ಕೈ ತಾನಾಗಿಯೇ ಮೆಟ್ಟಿಲ ಕಡೆ ಹೋಗುತ್ತೆ. ಮಗು ಮೆಟ್ಟಿಲಿಂದ ಬೀಳಲಿ, ಅಜ್ಜಿ ಎತ್ತಿಕೊಂಡು ಆಸ್ಪತ್ರೆಗೆ ಓಡಲಿ, ಸೊಸೆಗೆ ಅಜ್ಜಿಯ ಬೆಲೆ ಗೊತ್ತಾಗಲಿ! ಇದರಿಂದ ಆಗೋ ನಷ್ಟ ಏನು ಗೊತ್ತಾ? ಮಗು ಬಿದ್ದ ಕ್ಷಣದಿಂದ ಕಥೆಯ ಪ್ರಶ್ನೆ "ಮಗು ಉಳಿಯುತ್ತಾ" ಅಂತ ಬದಲಾಗಿಬಿಡುತ್ತೆ. ಮಗು ಉಳಿದ ಮೇಲೆ ಎಲ್ಲರೂ ಅತ್ತು ಒಂದಾಗ್ತಾರೆ. ಶಾಂತವ್ವನ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗೇ ಇಲ್ಲ. ನಮ್ಮ ಸೀರಿಯಲ್‌ಗಳಲ್ಲಿ ಆಸ್ಪತ್ರೆಯ ಕಾರಿಡಾರು ಅಷ್ಟೊಂದು ಸಲ ಬರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ಕಷ್ಟದ ಸಂಭಾಷಣೆ ಬರೆಯೋದು ತಪ್ಪುತ್ತೆ.

ಸರಿ, ಹಾಗಾದರೆ ಶಾಂತವ್ವನ ಪ್ರಶ್ನೆ ಏನು? "ಪ್ರೀತಿ ಕಳೆದುಕೊಳ್ಳೋ ಭಯ" ಅಂದರೆ ಕೆಲಸಕ್ಕೆ ಬರಲ್ಲ. ಅದು ಯಾವ ಅಜ್ಜಿಗಾದರೂ ಹೊಂದುತ್ತೆ. ಕಳೆದುಹೋಗೋದನ್ನ ಕೈಯಲ್ಲಿ ಮುಟ್ಟುವಷ್ಟು ಸಣ್ಣದು ಮಾಡಬೇಕು. ಈ ಮನೆಯ ಇನ್ನೊಂದು ಬೀಗದಕೈ ಅವರ ಸೆರಗಿನ ಗಂಟಲ್ಲಿದೆ. ಹಾಲಿನವನು ಅವರನ್ನೇ ಕರೀತಾನೆ. ಮಗು ಅವರ ತೋಳಿನ ಮೇಲೇ ಮಲಗೋದು. ಡೇಕೇರ್ ಶುರುವಾದರೆ ಅವರನ್ನ ಯಾರೂ ಹೊರಗೆ ಹಾಕಲ್ಲ. ಗಮನಿಸಿ, ಕಷ್ಟ ಇರೋದೇ ಅಲ್ಲಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಖಾಲಿ ಫ್ಲ್ಯಾಟಿನಲ್ಲಿ, ಭಾಷೆ ಬಾರದ ಊರಲ್ಲಿ, ಅವರು ಮನೆಯ ಮನುಷ್ಯೆಯಿಂದ ಅತಿಥಿ ಆಗಿಬಿಡ್ತಾರೆ. ಎಷ್ಟು ದಿನ ಇರ್ತೀರಿ ಅಂತ ಕೇಳಬಹುದಾದ ಅತಿಥಿ.

ಈಗ ಹಿಂದಿನ ಬಾಗಿಲು ಮುಚ್ಚಬೇಕು. ನಮ್ಮ ಕೆಲಸದಲ್ಲಿ ರೋಲ್‌ಬ್ಯಾಕ್ ಇದ್ದರೆ ಯಾರೂ ಹೆದರಲ್ಲ ನೋಡಿ, ಹಾಗೇ. ಶಾಂತವ್ವ ಗದಗಿಗೆ ವಾಪಸ್ ಹೋಗಿ ಆರಾಮಾಗಿ ಇರಬಹುದು ಅಂತ ಓದುಗನಿಗೆ ಅನಿಸಿದರೆ, ಕಥೆ ಅಲ್ಲೇ ಸಡಿಲ. ಆದ್ದರಿಂದ ಡೇಕೇರ್‌ನ ಫೋನ್ ಮಂಗಳವಾರ ಬಂದರೆ, ಹಿರಿಯ ಮಗನ ಫೋನು ಭಾನುವಾರವೇ ಬರಲಿ. "ಅವ್ವಾ, ನಿನ್ನ ಖೋಲ್ಯಾಗ ಪುಟ್ಟಿಗೆ ಓದಾಕ ಟೇಬಲ್ ಹಾಕೇವಿ. ಅಕಿದು ಎಸ್ಸೆಸ್ಸೆಲ್ಸಿ ಅಲ್ಲ. ನಿನ್ನ ಟ್ರಂಕ್ ಅಟ್ಟದ ಮ್ಯಾಲೆ ಇಟ್ಟೇವಿ. ನೀ ಹೆಂಗೂ ಅಲ್ಲೇ ಇರ್ತಿಯಲ್ಲ." ಮಗನ ದನಿಯಲ್ಲಿ ಕೆಟ್ಟತನ ಬೇಡ. ಶಾಂತವ್ವನೂ ನಕ್ಕು "ಹೂಂ ಹಾಕ್ರಿ" ಅನ್ನಲಿ, ಆಗ ಅವರಿಗೆ ನಿಜವಾಗಲೂ ಬೇಜಾರಿಲ್ಲ.

ಈ ಕ್ರಮ ಬಹಳ ಮುಖ್ಯ. ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬು ನಿಮಗೆ ಗೊತ್ತಿರಬಹುದು. ಬಾಂಬು ಇದೆ ಅಂತ ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ, ಮೇಜಿನ ಸುತ್ತ ನಡೆಯೋ ಹರಟೆಯೂ ಉಸಿರು ಕಟ್ಟಿಸುತ್ತೆ. ಗೊತ್ತಿಲ್ಲದಿದ್ದರೆ ಸಿಗೋದು ಕೆಲವೇ ಸೆಕೆಂಡಿನ ಬೆಚ್ಚು. ನಮ್ಮ ಬಾಂಬು ಅಟ್ಟದ ಮೇಲಿನ ಆ ಟ್ರಂಕು. ಅದು ಮೊದಲೇ ಗೊತ್ತಿದ್ದರೆ, ಮಂಗಳವಾರದ "ಛಲೋ ಆತಲ್ಲ" ಅನ್ನೋ ಅದೇ ಎರಡು ಪದ ಓದುಗನಿಗೆ ಚುಚ್ಚುತ್ತೆ. ಬಾಲ್ಕನಿ, ಆಕಾಶ, ಕಣ್ಣೀರು ಎಲ್ಲಾ ಹೊಡೆದುಹಾಕಬಹುದು. ಟ್ರಂಕಿನ ವಿಷಯ ಆಮೇಲೆ ಹೇಳಿದರೋ, ಓದುಗ ಪಾಪ ಅಂತಾನೆ, ಅಷ್ಟೆ.

ದೀಪಾಳನ್ನ ಮರೀಬಾರದು. ಅವಳು ಕೆಟ್ಟವಳಾದರೆ ಕಥೆ ಸತ್ತಿತು ಅಂತಲೇ ಲೆಕ್ಕ, ಯಾಕಂದರೆ ಆಗ ಯಾರು ಸರಿ ಅಂತ ಓದುಗನಿಗೆ ಮೊದಲೇ ಗೊತ್ತಾಗಿರುತ್ತೆ. ಅವಳಿಗೂ ಕಳೆದುಕೊಳ್ಳೋದು ಇರಬೇಕು. ಮಗು ರಾತ್ರಿ ಎದ್ದರೆ "ಅಜ್ಜೀ" ಅನ್ನುತ್ತೆ, ಎರಡೂವರೆ ವರ್ಷದಲ್ಲಿ ಒಂದು ಸಲವೂ ಅಮ್ಮನನ್ನ ಕರೆದಿಲ್ಲ. ಈ ಒಂದು ವಾಕ್ಯ ಸಾಕು. ಡೇಕೇರ್ ಅವಳಿಗೆ ಮಗನನ್ನ ವಾಪಸ್ ಪಡೆಯೋ ದಾರಿ. ಅದನ್ನ ಅವಳು ಬಾಯಿಬಿಟ್ಟು ಹೇಳೋಕಾಗಲ್ಲ.

ಇಷ್ಟಾದರೂ ಕಥೆ ಇನ್ನೂ ನಿಂತಿದೆ, ನಡೀತಿಲ್ಲ. ಈಗಿರೋದು ಬರೀ ಸ್ಥಿತಿ. ಯಾರಾದರೂ ಏನಾದರೂ ಮಾಡಬೇಕು, ಆ ಮಾಡಿದ್ದಕ್ಕೆ ಬೆಲೆ ತೆರಬೇಕು. ಗುರುವಾರ ದೀಪಾ ಕೇಳ್ತಾಳೆ. "ಅತ್ತಿ, ನೀವ ಹೇಳ್ರಿ. ಬ್ಯಾಡ ಅಂದ್ರ ಬ್ಯಾಡ." ಒಳ್ಳೆ ಮನಸ್ಸಿನಿಂದಲೇ ಕೇಳ್ತಾಳೆ, ಆದರೆ ಇದು ಬಲೆ. ಬೇಡ ಅಂದರೆ ಸೊಸೆಗೆ ಅಡ್ಡ ಬಂದವರಾಗ್ತಾರೆ. ಹೂಂ ಅಂದರೆ ತಮ್ಮ ಜಾಗವನ್ನ ತಾವೇ ಖಾಲಿ ಮಾಡಿಕೊಟ್ಟ ಹಾಗೆ. ಶಾಂತವ್ವ ಎರಡನ್ನೂ ಅನ್ನಲ್ಲ. ಶನಿವಾರ ಬೆಳಗ್ಗೆ, ದುಡ್ಡು ಕಟ್ಟೋಕೆ ಹೊರಡೋ ಹೊತ್ತಿಗೆ, "ಹುಡುಗ ರಾತ್ರಿಯೆಲ್ಲಾ ಕೆಮ್ಮ್ಯಾನ" ಅಂತಾರೆ.

ಮಗು ಕೆಮ್ಮಿಲ್ಲ. ತೋಳಿನ ಮೇಲೆ ನಿಶ್ಚಿಂತೆಯಿಂದ ಮಲಗಿತ್ತು ಅನ್ನೋದನ್ನ ಓದುಗ ಹಿಂದಿನ ಪ್ಯಾರಾದಲ್ಲಿ ನೋಡಿದ್ದಾನೆ. ಯಾರಿಗೂ ಅಪಾಯವಿಲ್ಲ, ಕೆಮ್ಮು ಕೂಡ ಇಲ್ಲ! ಆದರೂ ಇದು ಈ ಕಥೆಯ ಅತ್ಯಂತ ಅಪಾಯದ ವಾಕ್ಯ. ಜೀವಮಾನದಲ್ಲಿ ಸುಳ್ಳು ಹೇಳದ ಹೆಂಗಸು ಅಂತೇನೂ ಬರೆಯೋದು ಬೇಡ. ಆದರೆ ಮಗುವಿನ ಮೈ ವಿಷಯದಲ್ಲಿ ಈ ಮನೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ಮಾತನ್ನೇ ನಂಬಿ ನಡೆದಿದೆ. ಯಾವ ನಂಬಿಕೆಯಿಂದ ಅವರು ಈ ಮನೆಯವರಾಗಿದ್ದರೋ, ಮನೆಯಲ್ಲಿ ಉಳಿಯೋಕೆ ಅದನ್ನೇ ಪಣಕ್ಕಿಟ್ಟಿದ್ದಾರೆ.

ಈ ತಂತ್ರವನ್ನ ಓಜು ಎಷ್ಟು ಶಾಂತವಾಗಿ ಮಾಡಿದ್ದಾನೆ ಅಂತ ನೋಡಬೇಕಾದರೆ 1949ರ 'ಲೇಟ್ ಸ್ಪ್ರಿಂಗ್' ನೋಡಿ. ವಿಧುರ ಪ್ರೊಫೆಸರ್ ತಂದೆ, ಇಪ್ಪತ್ತೇಳು ವರ್ಷದ ಮಗಳು ನೊರಿಕೊ. ಅಪ್ಪನನ್ನ ಬಿಟ್ಟು ಮದುವೆಯಾಗಿ ಹೋಗೋಕೆ ಅವಳಿಗೆ ಮನಸ್ಸಿಲ್ಲ. ನೀನು ಮತ್ತೆ ಮದುವೆ ಆಗ್ತೀಯಾ ಅಂತ ಅವಳು ಕೇಳಿದಾಗ ಅಪ್ಪ ಹೂಂಗುಟ್ಟುತ್ತಾನೆ. ಅದು ಸುಳ್ಳು. ಮಗಳು ಹೋಗ್ತಾಳೆ. ಕೊನೆಗೆ ಅವನು ಖಾಲಿ ಮನೆಯಲ್ಲಿ ಕೂತು ಹಣ್ಣಿನ ಸಿಪ್ಪೆ ಸುಲೀತಾನೆ. ಇಡೀ ಸಿನಿಮಾದಲ್ಲಿ ಯಾರಿಗೂ ಜ್ವರ ಕೂಡ ಬರಲ್ಲ ಅಂತಲೇ ನನ್ನ ನೆನಪಲ್ಲಿ ಉಳಿದಿದೆ. ಆ ಒಂದು ಹೂಂ ಮಾತ್ರ ವಾಪಸ್ ತಗೊಳ್ಳೋಕೆ ಬರದ್ದು. ನಮ್ಮಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ. ಚಿಕ್ಕಪ್ಪನನ್ನ ಕೇಳಿಕೊಂಡು ಬಂದ ಹೆಂಗಸಿನ ಕೈಯಲ್ಲಿರೋದು ಅಡುಗೆ ಮಾಡಿ ತಂದ ಬೇಳೆ, ಅಷ್ಟೆ. ಆದರೆ ಇಡೀ ಮನೆ ಚಿಕ್ಕಪ್ಪನ ದುಡಿಮೆಯ ಮೇಲೆ ನಿಂತಿದೆ ಅಂತ ನಮಗೆ ಆಗಲೇ ಗೊತ್ತಿರೋದರಿಂದ, ಮನೆಯ ಹೆಂಗಸರು ಅವಳ ಮೇಲೆ ಹಾಗೆ ಯಾಕೆ ಮುಗಿಬೀಳ್ತಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಶಾಂತವ್ವನ ಕಥೆಗೆ ಬರೋಣ. ಒಂದು ದೃಶ್ಯ ಬೇಕಾ ಬೇಡ್ವಾ ಅಂತ ತೀರ್ಮಾನಿಸೋಕೆ ನಾನು ಒಂದೇ ಪ್ರಶ್ನೆ ಕೇಳ್ತೀನಿ. ಮರುದಿನ ಬೆಳಗ್ಗೆ ಚಹಾ ಕುಡಿಯುವಾಗ ಈ ಮನೆಯಲ್ಲಿ ಏನು ಬೇರೆ? ಬಾಲ್ಕನಿ ಕಣ್ಣೀರಿನ ಮರುದಿನ ಏನೂ ಬೇರೆ ಇಲ್ಲ. ಕೆಮ್ಮಿನ ಸುಳ್ಳಿನ ಮರುದಿನ ಸೀಟು ಬೇರೆಯವರಿಗೆ ಹೋಗಿದೆ. ಸರಿ, ಇದು ಪಾಸು. ಆದರೆ ಸುಳ್ಳು ಯಾರಿಗೂ ಗೊತ್ತಾಗದಿದ್ದರೆ ಶಾಂತವ್ವ ಗೆದ್ದ ಹಾಗಾಯ್ತು, ಬೆಲೆ ತೆತ್ತಂತೆ ಆಗಲಿಲ್ಲ.

ಇಲ್ಲಿ ನಮ್ಮ ಮನೆಗಳಲ್ಲೇ ಇರೋ ಒಂದು ವಸ್ತು ಕೆಲಸಕ್ಕೆ ಬರುತ್ತೆ. ಮಗುವಿನ ರೂಮಿನ ಕ್ಯಾಮೆರಾ. ದೀಪಾ ಮಧ್ಯಾಹ್ನ ಆಫೀಸಿಂದ ಅದರಲ್ಲೇ ಮಗುವಿನ ಜೊತೆ ಮಾತಾಡೋಳು. ಇದನ್ನ ಕಥೆಯ ಮೊದಲ ಪುಟದಲ್ಲೇ, ಒಂದು ನಗುವಿನ ನಡುವೆ ಇಟ್ಟುಬಿಡಿ. ಗೋಡೆಯಿಂದ ಸೊಸೆಯ ದನಿ ಬಂದಾಗ ಶಾಂತವ್ವ ಮೊದಮೊದಲು ಬೆಚ್ಚಿ ಸೆರಗು ಸರಿ ಮಾಡಿಕೊಳ್ತಿದ್ದರು ಅಂತ. ಅವರ ಲೆಕ್ಕದಲ್ಲಿ ಅದು ಮಧ್ಯಾಹ್ನ ಮಾತಾಡೋ ಪೆಟ್ಟಿಗೆ. ರಾತ್ರಿಯನ್ನೂ ಅದು ಜಮಾ ಮಾಡಿ ಇಡುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ. ಸುಳ್ಳು ಹೇಳಿದ ಮೇಲೆ ಕ್ಯಾಮೆರಾ ತಂದರೆ ಅದು ಲೇಖಕನ ಮೋಸ. ಮೊದಲೇ ಇದ್ದರೆ ಅದು ಮನೆಯ ಸಾಮಾನು.

ಶನಿವಾರ ಮಧ್ಯಾಹ್ನ ದೀಪಾ, ಡಾಕ್ಟರಿಗೆ ತೋರಿಸೋಣ ಅಂತ, ಕೆಮ್ಮು ಹೇಗಿದೆ ನೋಡೋಕೆ ಆ್ಯಪ್ ತೆಗೀತಾಳೆ. ಪತ್ತೆದಾರಿಕೆ ಮಾಡೋಕಲ್ಲ. ರಾತ್ರಿಯೆಲ್ಲಾ ಮಗು ಅಲುಗಾಡದೆ ಮಲಗಿದೆ. ಪಕ್ಕದಲ್ಲಿ ಅಜ್ಜಿ ಎದ್ದು ಕೂತಿದ್ದಾರೆ. ಸುಮ್ಮನೆ ಕೂತಿದ್ದಾರೆ, ಬೆಳಗಿನವರೆಗೆ.

ಈಗ ಪಣ ದೀಪಾಳ ಕೈಗೆ ಬಂತು. ಗಂಡನಿಗೆ ಹೇಳಿದರೆ ಅವಳು ಗೆಲ್ತಾಳೆ, ಡೇಕೇರೂ ಸಿಗುತ್ತೆ. ಆದರೆ ಆಮೇಲೆ ಆ ಮನೆಯಲ್ಲಿ ಅತ್ತೆ ತಲೆ ಎತ್ತಿ ಇರೋಕಾಗಲ್ಲ. ಹೇಳದಿದ್ದರೆ, ಈ ಗುಟ್ಟನ್ನ ಒಬ್ಬಳೇ ಹೊತ್ತುಕೊಂಡು, ಮಗನನ್ನೂ ಬಿಟ್ಟುಕೊಡಬೇಕು. ಕಥೆ ಬರೆಯೋರಿಗೆ ಒಂದು ಎಚ್ಚರಿಕೆ, ಇಲ್ಲಿ ಇನ್ನೊಂದು ತಿರುವು ಕೊಡೋ ಆಸೆ ಬರುತ್ತೆ. ಗಂಡನೂ ನೋಡಿಬಿಟ್ಟ, ಡೇಕೇರ್‌ನವರು ಮತ್ತೆ ಫೋನ್ ಮಾಡಿದರು, ಹೀಗೆ. ಬೇಡ. ಮೂರು ಸಾವಿರ ಪದದ ಕಥೆ ಒಂದು ಸುಳ್ಳನ್ನ ಹೊರುತ್ತೆ. ಎರಡನೆಯದಕ್ಕೆ ಅದು ಸೀರಿಯಲ್ ಆಗುತ್ತೆ. ಇನ್ನೂ ಒಂದು ಮಿತಿ ಇದೆ. ಶಾಂತವ್ವನಿಗೆ ಗದಗಿಗೆ ಹೋಗೋದೇ ಇಷ್ಟ ಇದ್ದಿದ್ದರೆ, ಈ ಟ್ರಂಕು, ಕ್ಯಾಮೆರಾ ಯಾವುದೂ ನಡೆಯೋಲ್ಲ. ಪಾತ್ರಕ್ಕೆ ಬೇಕು ಅನ್ನೋದು ಮೊದಲು, ಉಳಿದದ್ದೆಲ್ಲ ಆಮೇಲೆ.

ಕೊನೆಯ ದೃಶ್ಯವನ್ನ ನಾನು ಹೀಗೆ ಬರೆದು ನೋಡಿದೆ. ಭಾನುವಾರ ರಾತ್ರಿ, ಮಗು ಮಲಗಿದೆ. ಬಸವರಾಜ ಹಾಲಿನಲ್ಲಿ ಮ್ಯಾಚ್ ನೋಡ್ತಿದ್ದಾನೆ. ದೀಪಾ ಸೀಟಿನ ಸುದ್ದಿಯನ್ನೇ ಎತ್ತಿಲ್ಲ, ಡಾಕ್ಟರ ಮಾತೂ ಆಡಿಲ್ಲ. ಆ ಮೌನದಲ್ಲೇ ಶಾಂತವ್ವನಿಗೆ ಏನೋ ಹೊಳೆದಿದೆ. ಹಾಸಿಗೆ ಕೊಡವುತ್ತಾ, ಗೋಡೆಯ ಕಡೆ ನೋಡದೆ ಕೇಳ್ತಾರೆ.

"ದೀಪಾ, ಆ ಕ್ಯಾಮೆರಾ ರಾತ್ರಿನೂ ಓಡತೈತೇನು?"

ದೀಪಾ ದಿಂಬಿಗೆ ಕವರ್ ಹಾಕ್ತಿದ್ದಾಳೆ. ಹಾಕಿ ಮುಗಿಸ್ತಾಳೆ.

"ಇಲ್ರಿ ಅತ್ತಿ. ಕೆಟ್ಟೈತಿ ಅದು. ಭಾಳ ದಿನ ಆತು."

ಗೋಡೆಯ ಮೇಲೆ ಅದರ ಹಸಿರು ದೀಪ ಉರೀತಾ ಇದೆ. ಇಬ್ಬರೂ ಚಾದರ ಹಿಡಿದು ಎರಡು ಕಡೆಯಿಂದ ಎಳೆದು ಹಾಸ್ತಾರೆ.