ಅಜ್ಜಿಗೆ ಬರೆದ ಕಾಗದ: ಬಿಗಿದ ಗದ್ಯವನ್ನು ಸಡಿಲಿಸುವ ಬಗೆ
(ಶತಮಾನೋತ್ಸವದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಬಂದಿರುವುದು ಮುರ್ಮುಗಾಂವ್ ಬಂದರಿನ ಬದಿಯಿಂದ. ಜುವಾರಿ ನದಿ ಕಡಲನ್ನು ಸೇರುವೆಡೆಯ ಆ ದಂಡೆಯಲ್ಲಿ, ಬಾಗಲಕೋಟೆ, ವಿಜಯಪುರ, ಗದಗಗಳಿಂದ ದುಡಿಮೆಗೆಂದು ಬಂದವರ ಮಕ್ಕಳಿಗೆ ಕನ್ನಡ ಕಲಿಸುವುದು ನಮ್ಮ ಕೆಲಸ. ಆ ಮಕ್ಕಳು ಮನೆಯಲ್ಲಿ ಆಡುವುದು ಉತ್ತರ ಕರ್ನಾಟಕದ ಕನ್ನಡ, ಬೀದಿಯಲ್ಲಿ ಕೊಂಕಣಿ, ಹಿಂದಿ. ಹೀಗಾಗಿ ಬರೆಯುವ ಕನ್ನಡವೆಂದರೆ ಅವರಿಗೆ ಗೈಡುಗಳಲ್ಲಿಯೂ ಕಚೇರಿಯ ನೋಟೀಸುಗಳಲ್ಲಿಯೂ ಕಂಡ ಕನ್ನಡವೇ. ಆ ಕನ್ನಡ ಒಮ್ಮೆ ಮಾಡಿದ ಅವಾಂತರವೊಂದನ್ನು ತಮ್ಮ ಮುಂದಿಡುತ್ತೇವೆ.

2012ರಲ್ಲಿ ಗೋವೆಯ ಕಬ್ಬಿಣದ ಅದಿರಿನ ಗಣಿಗಳು ನಿಂತವು. ಅದಿರನ್ನು ನೆಚ್ಚಿದ್ದ ಅನೇಕ ಮನೆಗಳಲ್ಲಿ ದುಡಿಮೆಯೂ ನಿಂತಿತು. ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಬಾಗಲಕೋಟೆಯ ಕಡೆಯ ಹಳ್ಳಿಯಲ್ಲಿದ್ದ ಅಜ್ಜಿಗೆ, ಪತ್ರಲೇಖನದ ಪಾಠ ಮುಗಿದ ಉತ್ಸಾಹದಲ್ಲಿ, ಹೀಗೆ ಬರೆದ:

“ಪೂಜ್ಯ ಅಜ್ಜಿಯವರಿಗೆ ನಮಸ್ಕಾರಗಳು. ಗಣಿಗಾರಿಕೆಯು ನಿಲ್ಲಿಸಲ್ಪಟ್ಟಿರುವ ಕಾರಣದಿಂದಾಗಿ ಬಂದರಿಗೆ ಅದಿರಿನ ಹಡಗುಗಳು ಬರುವುದು ಇರುವುದಿಲ್ಲ. ಆದುದರಿಂದ ತಂದೆಯವರು ಮನೆಯಲ್ಲಿ ಇರುತ್ತಾರೆ. ಮತ್ತು ತಾಯಿಯವರು ಮೀನು ಒಣಗಿಸುವ ಕೆಲಸವನ್ನು ಮಾಡುತ್ತಿರುತ್ತಾರೆ. ಮತ್ತು ನನ್ನ ವಿದ್ಯಾಭ್ಯಾಸವು ನಡೆಯುತ್ತಿರುತ್ತದೆ. ಆದುದರಿಂದ ತಾವು ಚಿಂತೆಯನ್ನು ಮಾಡಬಾರದಾಗಿ ವಿನಂತಿ.”

ಕಾಗುಣಿತದ ತಪ್ಪು ಒಂದೂ ಇಲ್ಲ. ನಾವೇ ತಿದ್ದಿದ್ದರೆ ಹತ್ತಕ್ಕೆ ಎಂಟು ಕೊಡುತ್ತಿದ್ದೆವು. ಓದು ಬಾರದ ಅಜ್ಜಿ ಅದನ್ನು ನೆರೆಯವರಿಂದ ಓದಿಸಿ ಕೇಳಿದಳು. ಕೇಳಿದವಳು ಗದಗ, ಹುಬ್ಬಳ್ಳಿಯ ದಾರಿ ಹಿಡಿದು ರೈಲಿನಲ್ಲಿ ವಾಸ್ಕೋಗೆ ಬಂದಿಳಿದಳು. ಮಗನಿಗೆ ಕಾಲು ಹೋಗಿದೆ, ಹಾಸಿಗೆ ಹಿಡಿದಿದ್ದಾನೆ ಎಂದೇ ಅವಳು ತಿಳಿದಿದ್ದಳು. ಅಂಥ ಭಾಷೆಯ ಕಾಗದ ಅವಳ ಮನೆಗೆ ಅದುವರೆಗೆ ಬಂದದ್ದು ಕೋರ್ಟಿನಿಂದ ಒಮ್ಮೆ, ಬ್ಯಾಂಕಿನಿಂದ ಒಮ್ಮೆ.

ಅಜ್ಜಿಯನ್ನು ಅಷ್ಟು ದೂರ ಎಳೆದು ತಂದ ಮಾತು ಯಾವುದೆಂದು ನಾವು ಹುಡುಕಿದೆವು. ಅದು “ಇರುತ್ತಾರೆ” ಎಂಬ ಕ್ರಿಯಾಪದ. ಕನ್ನಡದಲ್ಲಿ “ಇದ್ದಾನೆ” ಎಂದರೆ ಈಗ ಇರುವುದು. “ಇರುತ್ತಾನೆ” ಎಂದರೆ ಯಾವಾಗಲೂ, ರೂಢಿಯಾಗಿ ಇರುವುದು. ಕಚೇರಿಯ ಬರಹ ಈ ಭೇದವನ್ನು ಮರೆತು ಎಲ್ಲೆಡೆಯೂ “ಇರುತ್ತದೆ” ಎಂದು ಮೊಹರು ಒತ್ತುತ್ತದೆ. ಅಜ್ಜಿ ಮರೆತಿರಲಿಲ್ಲ. ದುಡಿಯುವ ಗಂಡಸು ಸದಾ ಮನೆಯಲ್ಲಿಯೇ ಇರುತ್ತಾನೆಂದರೆ ಅವಳು ಬೇರೇನೆಂದು ತಿಳಿಯಬೇಕು?

ಆದ್ದರಿಂದ ಗದ್ಯವನ್ನು ಸಡಿಲಿಸುವಾಗ ನಾವು ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಸುತ್ತೇವೆ. ಆ ವಾರ ತರಗತಿಯಲ್ಲಿ, ಹುಡುಗನ ಒಪ್ಪಿಗೆ ಪಡೆದು, ಕಾಗದವನ್ನು ಕಪ್ಪು ಹಲಗೆಯ ಮೇಲೆ ಬರೆಸಿದೆವು. “ನಿಲ್ಲಿಸಲ್ಪಟ್ಟಿರುವ” ಎಂಬಲ್ಲಿ ಮಕ್ಕಳೇ ನಕ್ಕರು. ಕನ್ನಡ ಕೇಳುವುದು ಯಾರು ನಿಲ್ಲಿಸಿದರು ಎಂದು. ಹೇಳಲಾಗದಿದ್ದರೆ “ನಿಂತಿವೆ” ಎಂದರೆ ಸಾಕು. “ಬರುವುದು ಇರುವುದಿಲ್ಲ” ಎಂಬುದು “ಬರುತ್ತಿಲ್ಲ” ಎಂದಾಯಿತು.

ಮುಂದಿನದು ಪದಗಳನ್ನು ಕೂಡಿಸುವ ಕೆಲಸ. ಇಲ್ಲಿ ನಮ್ಮ ಶಿಕ್ಷಕರಲ್ಲಿಯೇ ಒಂದು ತಪ್ಪು ತಿಳಿವಳಿಕೆಯಿದೆ. ಪದಗಳನ್ನು ಕುಗ್ಗಿಸುವುದೆಂದರೆ “ಹೋಗ್ತೀನಿ, ಬರಲ್ಲ” ಎಂದು ಬರೆಯುವುದು, ಅದು ಶಿಷ್ಟ ಬರಹಕ್ಕೆ ಸಲ್ಲದು ಎಂದು ಭಾವಿಸುತ್ತಾರೆ. ಆದರೆ ಶಿಷ್ಟ ಕನ್ನಡಕ್ಕೆ ತನ್ನದೇ ಆದ ಕುಗ್ಗಿಸುವ ದಾರಿಯಿದೆ: ಅದೇ ಸಂಧಿ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದಕ್ಕೆ ಇಡೀ ಪ್ರಕರಣವನ್ನೇ ಮೀಸಲಿಟ್ಟ. ಲೋಪ, ಆಗಮ, ಆದೇಶಗಳನ್ನು ಮಕ್ಕಳು ಬಿಡಿಸಿ ಬರೆದು ಅಂಕ ಗಳಿಸುತ್ತಾರೆ, ಮರುಪುಟದ ಪ್ರಬಂಧದಲ್ಲಿ “ಹಡಗು ಒಂದೂ ಇಲ್ಲ” ಎಂದು ಬಿಡಿಬಿಡಿಯಾಗಿ ಬರೆಯುತ್ತಾರೆ. ಬಿಡಿಸುವುದನ್ನು ಮಾತ್ರ ಕಲಿಸಿದ್ದೇವೆ, ಕೂಡಿಸುವುದನ್ನಲ್ಲ. “ಹಡಗೊಂದೂ ಇಲ್ಲ”, “ಗಣಿಗಳೆಲ್ಲ”, “ಏನೆಂದರೆ” — ಬಾಯಿ ತಾನಾಗಿಯೇ ಹೀಗೆ ಕೂಡಿಸುತ್ತದೆ.

“ಕೆಲಸವನ್ನು ಮಾಡು”, “ಚಿಂತೆಯನ್ನು ಮಾಡು” ಎಂಬಲ್ಲಿಯ “ಅನ್ನು” ಕೂಡ ಹೀಗೆಯೇ. ಕ್ರಿಯಾಪದಕ್ಕೆ ಅಂಟಿಕೊಂಡಿರುವ ಅಚೇತನ ಕರ್ಮಕ್ಕೆ ಅದು ಬೇಡ. ಗೊತ್ತಾದ ಒಂದು ವಸ್ತುವನ್ನೇ ಬೆರಳಿಟ್ಟು ತೋರುವಾಗ, ಅಥವಾ ಕರ್ಮ ಕ್ರಿಯೆಯಿಂದ ದೂರ ಉಳಿದಾಗ ಅದು ಬೇಕು. ನಾವೂ ಈ ಭಾಷಣದಲ್ಲಿ ಎಷ್ಟೋ ಕಡೆ ಉಳಿಸಿಕೊಂಡಿದ್ದೇವೆ, ತಾವು ಗಮನಿಸಿರಬಹುದು.

ಇನ್ನು “ಮತ್ತು”. ವಾಕ್ಯದ ಮೊದಲಿಗೆ ಅದನ್ನಿಟ್ಟರೆ ಮಾತು ಮುಂದುವರಿಯುತ್ತದೆ, ಆದರೆ ಸಂಬಂಧ ತಿಳಿಯುವುದಿಲ್ಲ. ತಾಯಿಯ ದುಡಿಮೆಗೂ ತಂದೆಯ ಬಿಡುವಿಗೂ ಇರುವ ನಂಟು ಏನು? “ಮಾತ್ರ” ಎಂಬ ಒಂದು ಪದ ಅದನ್ನು ಹೇಳಿಬಿಡುತ್ತದೆ. ಹುಡುಗನ ಓದಿಗೆ “ನಾನೂ” ಎಂಬ ದೀರ್ಘ ಸಾಕು. ಮನೆಯೊಳಗೇ ಇರುವುದಕ್ಕೆ “ಮನೆಯಲ್ಲೇ” ಎಂಬ ಏಕಾರ. ಕನ್ನಡದ ವಾಕ್ಯಗಳ ಬೆಸುಗೆ ಬಹುಮಟ್ಟಿಗೆ ಈ ಸಣ್ಣ ಅಕ್ಷರಗಳಲ್ಲಿದೆ.

ಹುಡುಗ ಮರಳಿ ಬರೆದದ್ದು ಹೀಗಿತ್ತು: “ಅಜ್ಜಿಗೆ ನಮಸ್ಕಾರ. ಗಣಿಗಳೆಲ್ಲ ನಿಂತಿವೆ, ಬಂದರಿಗೆ ಅದಿರಿನ ಹಡಗೊಂದೂ ಬರುತ್ತಿಲ್ಲ. ಹೀಗಾಗಿ ಅಪ್ಪ ಮನೆಯಲ್ಲೇ ಇದ್ದಾನೆ. ಆರಾಮ ಇದ್ದಾನೆ, ಕೆಲಸವಿಲ್ಲ ಅಷ್ಟೇ. ಅವ್ವ ಮಾತ್ರ ದಿನವೂ ಮೀನು ಒಣಗಿಸಲು ಹೋಗುತ್ತಾಳೆ. ನಾನೂ ಶಾಲೆ ಬಿಟ್ಟಿಲ್ಲ. ನೀನು ಚಿಂತಿಸಬೇಡ.”

“ಆರಾಮ ಇದ್ದಾನೆ” ಎಂಬ ವಾಕ್ಯ ಮೊದಲ ಕಾಗದದಲ್ಲಿ ಇರಲೇ ಇಲ್ಲ. ಆ ಭಾಷೆಯಲ್ಲಿ ಅದನ್ನು ಹೇಳಲು ಅವನಿಗೆ ಎಡೆಯೇ ಸಿಕ್ಕಿರಲಿಲ್ಲ. “ಹೋಗುತ್ತಾಳೆ” ಎಂಬ ರೂಢಿಯ ರೂಪವೂ ಈಗ ತನ್ನ ಜಾಗದಲ್ಲಿಯೇ ನಿಂತಿದೆ. ಆರು ಪದದ ವಾಕ್ಯವೊಂದರ ಪಕ್ಕದಲ್ಲಿ ಮೂರು ಪದದ ವಾಕ್ಯ ಬಂದು ಉಸಿರಿಗೆ ಏರಿಳಿತವೂ ದಕ್ಕಿತು.

ಸಡಿಲಿಸುವುದಕ್ಕೂ ಮಿತಿಯಿದೆ. ಅದೇ ತರಗತಿಯ ಹುಡುಗಿಯೊಬ್ಬಳು ಹುರುಪಿನಿಂದ ಎಲ್ಲ “ನು”ಗಳನ್ನೂ ಕಿತ್ತುಹಾಕಿ, “ಅಪ್ಪ ತಂದ ಚೀಲ ಇಳಿಸಿದ” ಎಂದು ಬರೆದಳು. ಅಪ್ಪ ಚೀಲವನ್ನು ತಂದನು, ಆಮೇಲೆ ಇಳಿಸಿದನು ಎಂಬುದು ಅವಳ ಮನಸ್ಸಿನಲ್ಲಿದ್ದುದು. ಓದಿದವರಿಗೆ ಕಂಡದ್ದು ಅಪ್ಪ ತಂದಿದ್ದ ಚೀಲವನ್ನು ಇನ್ನಾರೋ ಇಳಿಸಿದಂತೆ. “ತಂದನು” ಎಂಬುದು “ತಂದ” ಆದಾಗ ಅದು ವಿಶೇಷಣದ ರೂಪವನ್ನೇ ತಾಳುತ್ತದೆ. ಮುಂದೆ ನಾಮಪದ ಬಂದರೆ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅಂಥಲ್ಲಿ “ನು” ಉಳಿಸಬೇಕು, ಇಲ್ಲವೇ “ಚೀಲ ತಂದು ಇಳಿಸಿದ” ಎಂದು ಹೆಣೆಯಬೇಕು. ಸಂಧಿಯೂ ಅತಿಯಾದರೆ “ಕೆಲಸವಿಲ್ಲದಿರುವುದರಿಂದಾಗಿ” ಎಂಬಂಥ ಗೂಡ್ಸ್ ರೈಲಾಗುತ್ತದೆ. ಅದನ್ನು ಒಡೆದು ಎರಡು ವಾಕ್ಯ ಮಾಡುವುದೇ ಲೇಸು.

ಪರೀಕ್ಷಿಸುವ ವಿಧಾನವೊಂದನ್ನು ನಾವು ಅಂದಿನಿಂದ ನಡೆಸಿಕೊಂಡು ಬಂದಿದ್ದೇವೆ. ಬರೆದವನು ಓದುವುದಿಲ್ಲ, ಪಕ್ಕದವನು ಓದುತ್ತಾನೆ, ಬರೆದವನು ಕಾಗದವಿಲ್ಲದೆ ಕೇಳುತ್ತಾನೆ. ಓದುವವನ ನಾಲಿಗೆ ತಡೆದಲ್ಲಿ, ಅಥವಾ ಅವನು ಬರೆದುದನ್ನು ಬಿಟ್ಟು ತಾನಾಗಿಯೇ ಬೇರೆ ರೂಪ ಉಚ್ಚರಿಸಿದಲ್ಲಿ ಗುರುತು ಬೀಳುತ್ತದೆ. “ಇರುವುದು ಇಲ್ಲ” ಎಂದಿದ್ದುದನ್ನು ಮಕ್ಕಳು ಅರಿವಿಲ್ಲದೆ “ಇರೋದಿಲ್ಲ” ಎಂದು ಓದಿಬಿಡುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅಂಥಲ್ಲಿ “ಇರುವುದಿಲ್ಲ” ಎಂದು ಕೂಡಿಸಿ ಬರೆಸುತ್ತೇವೆ.

ಎರಡನೆಯ ಕಾಗದವನ್ನು ಹುಡುಗ ಅಂಚೆಗೆ ಹಾಕಲಿಲ್ಲ. ಅಜ್ಜಿ ಇನ್ನೂ ಊರಿಗೆ ಮರಳಿರಲಿಲ್ಲ. ಸಂಜೆ ಅವಳ ಮುಂದೆಯೇ ಓದಿದ. ಮರುದಿನ ಅವಳು ಹೇಳಿದ್ದನ್ನು ನಮಗೆ ವರದಿ ಮಾಡಿದ: “ಇದನ್ನ ಮೊದಲ ಬರದಿದ್ರ ನನ್ನ ಗಾಡಿ ಖರ್ಚರ ಉಳೀತಿತ್ತಲ್ಲೋ!”