ಅತ್ತೆಗೊಂದು ಹುಟ್ಟುಹಬ್ಬದ ಮಾತು

ಸೊಸೆಯೊಬ್ಬಳು ಅತ್ತೆಯ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯಲು ಕೂತಾಗ ಎದುರಾಗುವ ಮೊದಲ ಪ್ರಶ್ನೆ, ಆ ಹುಟ್ಟುಹಬ್ಬ ಯಾವತ್ತು ಎನ್ನುವುದು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ದಾಖಲೆಗಳಲ್ಲಿ ಜೂನ್ 1 ಎಂದಿರುತ್ತದೆ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮನೆಯವರಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟರು ಶಾಲೆ ಶುರುವಾಗುವ ಹೊತ್ತಿನ ಒಂದು ದಿನವನ್ನು ಬರೆದುಕೊಂಡರು. ಅದೇ ಮುಂದೆ ಆಧಾರ್ ಕಾರ್ಡಿನವರೆಗೂ ಬಂತು. ನಿಜವಾದ ದಿನ ಮಾತ್ರ ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿ ಉಳಿದುಕೊಂಡಿತು. ಯುಗಾದಿ ಕಳೆದು ಮೂರನೇ ದಿನ, ಕಾರ ಹುಣ್ಣಿಮೆಯ ಸಂಜೆ, ಹೀಗೆ.

ಸಾಗರದ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಅತ್ತೆ ಹುಟ್ಟಿದ್ದು ಭೂಮಿ ಹುಣ್ಣಿಮೆಯ ಮಾರನೇ ದಿನ. ಭೂಮಿ ಹುಣ್ಣಿಮೆ ಮಲೆನಾಡಿನ ದೊಡ್ಡ ಹಬ್ಬ. ತೆನೆ ಕಟ್ಟುತ್ತಿರುವ ಭೂಮಿ ತುಂಬು ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು. ಹಿಂದಿನ ರಾತ್ರಿಯೆಲ್ಲ ಹೆಂಗಸರು ಬಗೆಬಗೆಯ ಸೊಪ್ಪು ಬೇಯಿಸಿ, ಕಡುಬು ಮಾಡಿ, ಬುತ್ತಿ ಕಟ್ಟುತ್ತಾರೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಬೇಕು. ಅಷ್ಟೆಲ್ಲ ಮುಗಿದು ಮೈ ಸೋತ ಮಾರನೇ ದಿನ ಈ ಹೆಂಗಸಿನ ಹುಟ್ಟುಹಬ್ಬ. ಹಬ್ಬದ ಮುಸುರೆ ಪಾತ್ರೆಗಳ ನಡುವೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ತಾರೀಖು ಹಿಡಿದು ನೆನಪಿಡೋಣ ಎಂದರೆ ಅದೂ ಆಗದು. ಹುಣ್ಣಿಮೆಯ ಲೆಕ್ಕದ ದಿನ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಭೂಮಿ ಹುಣ್ಣಿಮೆ ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಬಂದಿತ್ತು, 2025ರಲ್ಲಿ ಮೊದಲ ವಾರಕ್ಕೇ ಬಂತು. ಅಧಿಕ ಮಾಸವಿದ್ದ ವರ್ಷ ಮತ್ತೆ ಮುಂದೆ ಹೋಗುತ್ತದೆ. ಹಾಗಾಗಿ ಹೊಸ ಪಂಚಾಂಗವೋ ಗೋಡೆಯ ಕ್ಯಾಲೆಂಡರೋ ಮನೆಗೆ ಬಂದ ದಿನವೇ ಗುರುತು ಹಾಕಿಕೊಳ್ಳಬೇಕು. ಜೂನ್ 1ಕ್ಕೆ ಬ್ಯಾಂಕಿನಿಂದಲೂ ಶುಭಾಶಯ ಬರುತ್ತದೆ. ನಿಜವಾದ ದಿನಕ್ಕೆ ಬರುವ ಮಾತು, ಕೇಳಿ ತಿಳಿದುಕೊಂಡವರಿಂದ ಮಾತ್ರ ಬರುತ್ತದೆ.

ಆ ಮನೆಯ ಸೊಸೆ ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ಅತ್ತೆಗೆ ಏನಾದರೂ ಬರೆಯಬೇಕೆಂದು ಕೂತಳು. ಮೊದಲು ಬಂದದ್ದು ನಮಗೆಲ್ಲ ಬರುವ ಮಾತುಗಳೇ: "ಪೂಜ್ಯ ಅತ್ತೆಯವರಿಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು. ತಾವು ನನಗೆ ತಾಯಿಗಿಂತ ಹೆಚ್ಚು. ದೇವರು ತಮಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದಿನವೂ ಫೋನಿನಲ್ಲಿ "ಅತ್ತೆ, ಊಟ ಆಯ್ತಾ" ಎನ್ನುವವಳು ಒಂದು ದಿನ ಇದ್ದಕ್ಕಿದ್ದಂತೆ "ಪೂಜ್ಯ" ಎಂದರೆ, ಓದಿದವರಿಗೆ ಸೊಸೆಯ ದನಿ ಕೇಳುವುದಿಲ್ಲ, ಮದುವೆ ಕಾಗದದ ಅಕ್ಷರ ಕಾಣುತ್ತದೆ. ಹಾಗೆಂದು ಸಲಿಗೆ ತೋರಿಸಲು "ನೀವು" ಹೋಗಿ "ನೀನು" ಆಗಬೇಕಿಲ್ಲ. ಮನೆಯಲ್ಲಿ ಹೇಗೆ ಕರೆಯುತ್ತೇವೋ ಹಾಗೇ ಬರೆದರೆ ಸಾಕು.

ತಾಯಿಗಿಂತ ಹೆಚ್ಚು ಎನ್ನುವ ಮಾತನ್ನೂ ಅವಳು ಬಿಟ್ಟಳು. ಹೆತ್ತವಳನ್ನು ಪಕ್ಕಕ್ಕೆ ಸರಿಸಿ ಕೊಟ್ಟ ಜಾಗವನ್ನು ಯಾವ ಅತ್ತೆಯೂ ಪೂರ್ತಿ ನಂಬುವುದಿಲ್ಲ, ಅವರೂ ಒಂದು ಮನೆಯ ಮಗಳಾಗಿದ್ದವರು. ಅತ್ತೆಯ ಪ್ರೀತಿಗೆ ಅದರದೇ ಬೇರೆ ದಾರಿ ಇದೆ. ಹುಟ್ಟಿನಿಂದ ಗುರುತಿಲ್ಲದ, ಬೆಳೆದ ಹುಡುಗಿಯೊಬ್ಬಳನ್ನು, ಅವಳ ಅಭ್ಯಾಸ, ಹಟ, ಓದು ಎಲ್ಲದರ ಜೊತೆ ದಿನದಿನವೂ ಒಳಗೆ ಬಿಟ್ಟುಕೊಳ್ಳುವ ಕೆಲಸ ಅದು. ಅದಕ್ಕೆ ಹೋಲಿಕೆ ಬೇಡ, ಅದನ್ನೇ ಹೆಸರಿಸಬೇಕು.

ಹೇಗೆ ಹೆಸರಿಸುವುದು? "ನೀವು ತುಂಬಾ ಒಳ್ಳೆಯವರು" ಎಂದರೆ ಯಾರಿಗಾದರೂ ಹೇಳಬಹುದಾದ ಮಾತಾಯಿತು. "ನಿಮ್ಮ ಕೈರುಚಿ ಯಾರಿಗೂ ಬರಲ್ಲ" ಎಂದರೆ ಮತ್ತೆ ಅವರನ್ನು ಅಡುಗೆಮನೆಗೇ ಕಳಿಸಿದಂತೆ. ಅವಳು ಹುಡುಕಿದ್ದು ಒಂದೇ ಒಂದು ದಿನವನ್ನು. ಅತ್ತೆ ತನಗಾಗಿ ಏನೋ ಮಾಡಿದ್ದರು, ಮಾಡಿದೆ ಎಂದು ಹೇಳಿಕೊಂಡಿರಲಿಲ್ಲ, ತಾನೊಬ್ಬಳೇ ಗಮನಿಸಿದ್ದಳು. ಅಂಥ ದಿನ. ಸಿಕ್ಕಿದ ಮೇಲೆ ಕೈ ನಿಲ್ಲಲಿಲ್ಲ. ಅವಳು ಬರೆದದ್ದು ಹೀಗಿತ್ತು:

"ಅತ್ತೆ, ಇವತ್ತು ನಿಮ್ಮ ಹುಟ್ಟುಹಬ್ಬ. ಆಧಾರ್ ಕಾರ್ಡಿನದ್ದಲ್ಲ, ನಿಮ್ಮಮ್ಮ ಹೇಳ್ತಿದ್ದ ಹುಟ್ಟುಹಬ್ಬ. ನಾನು ಬಿ.ಎಡ್. ಪರೀಕ್ಷೆಗೆ ಓದ್ತಾ ಇದ್ದಾಗ ಒಂದು ದಿನ ಮನೆ ತುಂಬಾ ನೆಂಟರು ಬಂದಿದ್ರು, ನೆನಪಿದೆಯಾ? ಸೊಸೆ ಎಲ್ಲಿ ಅಂತ ಯಾರೋ ಕೇಳಿದ್ದಕ್ಕೆ, ತಲೆನೋವು ಅಂತ ಮಲಗಿದಾಳೆ ಅಂದ್ರಿ. ನಾನು ಒಳಗೆ ಪುಸ್ತಕ ಹಿಡ್ಕೊಂಡು ಕೂತಿದ್ದೆ, ನಂಗೆ ಕೇಳಿಸ್ತು. ಅವತ್ತು ಅಷ್ಟೂ ಜನಕ್ಕೆ ನೀವೊಬ್ಬರೇ ಬಡಿಸಿದ್ರಿ. ರಾತ್ರಿ ಊಟಕ್ಕೆ ಕೂತಾಗ ಓದಿದ್ದು ಮುಗೀತಾ ಅಂತ ಮಾತ್ರ ಕೇಳಿದ್ರಿ. ಈಗ ಕ್ಲಾಸಲ್ಲಿ ಮಕ್ಕಳ ಮುಂದೆ ನಿಂತಾಗ ಆ ದಿನ ನೆನಪಾಗತ್ತೆ. ನಾನು ಟೀಚರ್ ಆಗಿದ್ದರಲ್ಲಿ ಅವತ್ತು ನೀವು ಬಡಿಸಿದ ಊಟಾನೂ ಇದೆ. ಮೊನ್ನೆ ರಾತ್ರಿಯೆಲ್ಲ ಹಬ್ಬದ ಅಡುಗೆ ಮಾಡಿ ಸುಸ್ತಾಗಿರ್ತೀರ, ಇವತ್ತು ಮಧ್ಯಾಹ್ನ ಮಲಗಿ. ಭಾನುವಾರ ನಾವು ಬರ್ತೀವಿ, ಅವತ್ತಿನ ಅಡುಗೆ ನಂದು. ನಂಗೆ ಆಶೀರ್ವಾದ ಮಾಡಿ."

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಸೊಸೆ ಅತ್ತೆಗೆ ಆಯಸ್ಸು ಹಾರೈಸುತ್ತಿಲ್ಲ, ನಮ್ಮ ಕಡೆಯ ರೂಢಿಯಂತೆ ಕಿರಿಯಳಾಗಿ ಆಶೀರ್ವಾದ ಕೇಳುತ್ತಿದ್ದಾಳೆ. ಕೊನೆಯಲ್ಲಿ ಕೊಟ್ಟ ಮಾತೂ ಭಾನುವಾರ ನಡೆಸಿಕೊಡಬಹುದಾದದ್ದು. ಇಬ್ಬರ ನಡುವೆ ಬೇರೆ ದಿನಗಳಲ್ಲಿ ಮುನಿಸು, ಮಾತು ಬಿಟ್ಟದ್ದು ಇರಲಿಲ್ಲವೆಂದಲ್ಲ. ಅದನ್ನು ತೀರಿಸಲು ಹುಟ್ಟುಹಬ್ಬ ತಕ್ಕ ದಿನವಲ್ಲ, ಎಲ್ಲವೂ ಸದಾ ಚೆನ್ನಾಗಿತ್ತು ಎಂದು ಬರೆಯುವ ಅಗತ್ಯವೂ ಇಲ್ಲ. ನಡೆದ ಒಂದು ಒಳ್ಳೆಯದನ್ನು ನಡೆದ ಹಾಗೆ ಹೇಳಿದರೆ ಅದು ತಾನಾಗಿ ನಿಲ್ಲುತ್ತದೆ.

ಇನ್ನೊಂದು ವಿಷಯ, ಇದನ್ನು ಎಲ್ಲಿ ಕಳಿಸುವುದು? ಅವಳು ಇದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲಿಲ್ಲ. ಅಂದು ಬಂದಿದ್ದ ನೆಂಟರಲ್ಲಿ ಕೆಲವರು ಆ ಗುಂಪಿನಲ್ಲೇ ಇದ್ದಾರೆ. ಸೊಸೆಯ ಓದಿಗಾಗಿ ಅತ್ತೆ ಹೇಳಿದ ಸಣ್ಣ ಸುಳ್ಳು ಅಲ್ಲಿ ಬಯಲಾದರೆ ಅವರಿಗೇ ಮುಜುಗರ. ನಾಲ್ಕು ಜನರ ಮುಂದೆ ಹೊಗಳಿಸಿಕೊಳ್ಳುವಾಗ ಮುದುರಿಕೊಳ್ಳುವ ಹಿರಿಯರೇ ನಮ್ಮಲ್ಲಿ ಹೆಚ್ಚು. ಗುಂಪಿಗೆ ಒಂದು ಸಾಲಿನ ಶುಭಾಶಯ ಹಾಕಿದಳು, ಈ ಮಾತುಗಳನ್ನು ಅತ್ತೆಯೊಬ್ಬರಿಗೇ ಕಳಿಸಿದಳು. ಅದೂ ಧ್ವನಿಯಲ್ಲಿ, ಏಕೆಂದರೆ ಮೊಬೈಲಿನ ಸಣ್ಣ ಅಕ್ಷರ ಓದಲು ಅತ್ತೆ ಮೊಮ್ಮಗನನ್ನು ಕರೆಯಬೇಕಾಗುತ್ತದೆ. ಧ್ವನಿಯಾದರೆ ಒಬ್ಬರೇ ಕೇಳಬಹುದು, ಬೇಕೆನಿಸಿದಾಗ ಮತ್ತೆ ಕೇಳಬಹುದು.

ನಿಮ್ಮ ಮನೆಯಲ್ಲೂ ಇಂಥದೊಂದು ದಿನ ಹತ್ತಿರವಿದ್ದರೆ, ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ನೀವು ಬರೆದದ್ದನ್ನು ಪಕ್ಕದ ಮನೆಯ ಅತ್ತೆಗೂ ಹಾಗೇ ಕಳಿಸಲು ಬರುತ್ತದೆಯೇ? ಬರುವುದಾದರೆ ನಿಮ್ಮ ಅತ್ತೆ ಇನ್ನೂ ಅದರೊಳಗೆ ಬಂದಿಲ್ಲ. ಅವರು ನಿಮಗಾಗಿ ಬಾಯಿ ಬಿಡದೆ ಮಾಡಿದ ಒಂದು ಕೆಲಸವನ್ನು ನೆನಪು ಮಾಡಿಕೊಂಡು, ಅದರಿಂದಲೇ ಮತ್ತೆ ಶುರು ಮಾಡಿ.